ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು?

ಮಾನ್ಯರೇ,

ಅಡಿಕೆ ಹಾನಿಕರವೋ ಅಲ್ಲವೋ ಎಂಬ ಅಧ್ಯಯನಗಳ ಸುದ್ದಿಯಲ್ಲಿ, ಅದಕ್ಕೆ ಹಣ ಕೊಟ್ಟವರು ಯಾರೆಂಬುದೂ ಇರಬೇಕು. ನಾನೂ ಅಡಿಕೆ ಬೆಳೆಗಾರ. ಹಾನಿಯಿಲ್ಲ ಎಂದರೆ ನನಗೆ ಖುಷಿಯೇ. ಅದಕ್ಕೇ ಜಾಸ್ತಿ ಎಚ್ಚರ ಬೇಕು, ಅಲ್ವಾ?

1967ರಲ್ಲಿ ಹಾರ್ವರ್ಡ್ ವಿಜ್ಞಾನಿಗಳ ಲೇಖನವೊಂದು ಹೃದ್ರೋಗಕ್ಕೆ ಮುಖ್ಯವಾಗಿ ಕೊಬ್ಬನ್ನು ದೂರಿತು. ಸಕ್ಕರೆಯ ವಿರುದ್ಧದ ಅಧ್ಯಯನಗಳಲ್ಲಿ ಸಣ್ಣ ಕೊರತೆಯನ್ನೂ ಹುಡುಕಿತು. ಕೊಬ್ಬಿನ ವಿರುದ್ಧದವುಗಳಿಗೆ ಸಡಿಲ ಅಳತೆ ಹಿಡಿಯಿತು. ಅದಕ್ಕೆ ಹಣ ಕೊಟ್ಟಿದ್ದು ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆ. ಲೇಖನದಲ್ಲಿ ಆ ಮಾತೇ ಇರಲಿಲ್ಲ. ಹಳೆಯ ಪತ್ರಗಳಿಂದ 2016ರಲ್ಲಿ ಅದು ಹೊರಬಿತ್ತು.

ಉದ್ಯಮದ ಹಣವೆಂದ ಮಾತ್ರಕ್ಕೆ ಅಧ್ಯಯನ ಸುಳ್ಳಲ್ಲ. ಆದರೆ ಈಗ ಸಂಶೋಧನಾ ಲೇಖನಗಳ ಕೊನೆಯಲ್ಲಿ ಹಣದ ಮೂಲ, ಲೇಖಕರ ಹಿತಾಸಕ್ತಿ ಸಾಮಾನ್ಯವಾಗಿ ಅಚ್ಚಾಗಿರುತ್ತವೆ. ಸುದ್ದಿಯ ಜೊತೆ ಆ ಎರಡು ಸಾಲನ್ನೂ ದಯವಿಟ್ಟು ಪ್ರಕಟಿಸಿ.

– ಅಡಿಕೆ ಬೆಳೆಗಾರ, ಶಿರಸಿ