ಗ್ಯಾಸ್ಟ್ರಿಕ್ ಅಂತ ಬಿಟ್ಟುಬಿಡಬೇಡ

ಚಿ. ಪ್ರಮೋದನಿಗೆ ನಿನ್ನ ಮಾವನ ಆಶೀರ್ವಾದಗಳು.

ಶನಿವಾರ ರಾತ್ರಿ ವಿಪರೀತ ಕುಡಿದದ್ದು, ಭಾನುವಾರ ಹೊಟ್ಟೆನೋವಿನಿಂದ ಒದ್ದಾಡಿ ವಾಂತಿ ಮಾಡಿದ್ದು, ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದು, ಎಲ್ಲ ನಿನ್ನಮ್ಮ ಹೇಳಿದಳು. ಬೈಯೋಕೆ ಬರೆಯುತ್ತಿಲ್ಲ. ಆದರೆ ಆಸ್ಪತ್ರೆಯ ಲ್ಯಾಬಿನಲ್ಲೇ ತಲೆ ನರೆಸಿಕೊಂಡವನು ನಾನು. ನೋವು ಎದೆಗೂಡಿನ ಕೆಳಗೆ ಶುರುವಾಗಿ ಬೆನ್ನಿಗೆ ಹೋಗುತ್ತಿತ್ತು, ಅಂಗಾತ ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಮ್ಮಿ ಅಂದೆಯಂತೆ. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್ ಊದಿಕೊಂಡಾಗ ಬರುವ ನೋವು ಹೀಗೇ ಇರುತ್ತದೆ.

ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡವಾಗಿ ಮಲಗಿದೆ. ನೋವು ಬೆನ್ನಿಗೆ ಹೋಗುವುದು ಅದಕ್ಕೇ. ಇನ್ಸುಲಿನ್ ಮಾಡುವುದು ಇದೇ. ತಿಂದದ್ದನ್ನು ಕರಗಿಸುವ ರಸ ಮಾಡುವುದೂ ಇದೇ. ಆ ರಸದ ಮುಖ್ಯ ಕಿಣ್ವಗಳು ಒರೆಯಲ್ಲಿಟ್ಟ ಕತ್ತಿಯ ಹಾಗೆ ಹೊರಡುತ್ತವೆ. ಸಣ್ಣಕರುಳು ಸೇರಿದ ಮೇಲಷ್ಟೇ ಅವಕ್ಕೆ ಹರಿತ ಬರಬೇಕು. ಹೆಚ್ಚು ಕುಡಿಯುವವರಲ್ಲಿ ಕೆಲವೊಮ್ಮೆ ಅವು ಗ್ರಂಥಿಯೊಳಗೇ ಎಚ್ಚರಗೊಂಡು ಗ್ರಂಥಿಯನ್ನೇ ಕರಗಿಸಲು ಶುರುಮಾಡುತ್ತವೆ. ಜೊತೆಗೆ ಕುಡಿದವರಿಗೆ ಏನೂ ಆಗಲಿಲ್ಲ ಅಂತೀಯ. ಎಲ್ಲರಿಗೂ ಆಗುವುದಿಲ್ಲ, ನಿಜ. ಸಾಮಾನ್ಯವಾಗಿ ವರ್ಷಗಟ್ಟಲೆ ಕುಡಿದವರಿಗೆ ಬರುತ್ತದೆ. ನಿನ್ನದು ಕಾಲೇಜಿನಿಂದಲೇ ಶುರು ಅಲ್ವಾ?

ಇವತ್ತು ಬುಧವಾರ. ನೋವು ಪೂರ್ತಿ ಹೋಗಿಲ್ಲ ಅಂದಿದ್ದೀಯ, ಇವತ್ತೇ ಆಸ್ಪತ್ರೆಗೆ ಹೋಗು. ರಕ್ತದಲ್ಲಿ ಈ ಗ್ರಂಥಿಯ ಕಿಣ್ವಗಳಾದ ಅಮೈಲೇಸ್ ಮತ್ತು ಲೈಪೇಸ್ ಎಷ್ಟಿವೆ ಅಂತ ನೋಡುತ್ತಾರೆ. ಅಮೈಲೇಸ್ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ. ಲೈಪೇಸ್ ವಾರದವರೆಗೂ ಏರಿಯೇ ಇರಬಹುದು, ಹಾಗಾಗಿ ಲೈಪೇಸ್ ಮಾಡಿಸಲೇಬೇಕು. ಅದು ಮಾಮೂಲಿ ಮಿತಿಯ 3 ಪಟ್ಟು ದಾಟಿದ್ದರೆ, ಇಂಥ ನೋವಿನ ಜೊತೆ, ಅನುಮಾನ ಉಳಿಯುವುದಿಲ್ಲ. ಆದರೆ ಆ ಸಂಖ್ಯೆ ನೋಡಿ ಕಾಯಿಲೆಯ ಜೋರು ಅಳೆಯಬೇಡ. ಲೈಪೇಸ್ ಸಾವಿರ ದಾಟಿದವನು ಆರಾಮಾಗಿ ಮನೆಗೆ ಹೋಗಬಹುದು, ಅದಕ್ಕಿಂತ ಕಮ್ಮಿ ಇದ್ದವನು ಐಸಿಯು ಸೇರಬಹುದು. ಪಿತ್ತಕೋಶದ ಕಲ್ಲಿನಿಂದಲೂ ಇದೇ ಕಾಯಿಲೆ ಬರುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ಬರೆದುಕೊಟ್ಟರೆ ಬೇಡ ಅನ್ನಬೇಡ.

ನೋವು ಮತ್ತೆ ಜೋರಾದರೆ, ಉಸಿರು ಕಟ್ಟಿದರೆ, ಮೂತ್ರ ಕಮ್ಮಿಯಾದರೆ ಅಪರಾತ್ರಿಯಾದರೂ ಎಮರ್ಜೆನ್ಸಿಗೇ ಹೋಗು. ಮೊದಲು ಇಸಿಜಿ ತೆಗೆಯುತ್ತಾರೆ, ಹೃದಯಾಘಾತವೂ ಹೀಗೆ ಮೋಸ ಮಾಡುವುದುಂಟು. ಈ ಊತವನ್ನು ತಕ್ಷಣ ನಿಲ್ಲಿಸುವ ಔಷಧಿ ಇಲ್ಲ. ಡ್ರಿಪ್ ಕೊಟ್ಟು, ನೋವು ತಗ್ಗಿಸಿ, ಬೇರೆ ಅಂಗಗಳು ಕೆಡದಂತೆ ಕಾಯುವುದೇ ಚಿಕಿತ್ಸೆ.

ಎಷ್ಟು ಕುಡಿಯುತ್ತೀಯ ಅಂತ ಡಾಕ್ಟರಿಗೆ ಸರಿಯಾಗಿ ಹೇಳು. ನಾಚಿಕೆಗೆ ಕಮ್ಮಿ ಹೇಳಿದವರನ್ನು ತುಂಬ ಕಂಡಿದ್ದೇನೆ. ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟಾಗ ಎರಡು-ಮೂರು ದಿನಕ್ಕೆ ಕೈ ನಡುಗಿ, ಏನೇನೋ ಬಡಬಡಿಸಬಹುದು, ಫಿಟ್ಸ್ ಕೂಡ ಬರಬಹುದು. ಗೊತ್ತಿದ್ದರೆ ಮೊದಲೇ ಔಷಧಿ ಕೊಡುತ್ತಾರೆ. ಇನ್ನು ಕುಡಿತ ಪೂರ್ತಿ ಬಂದ್, ಸಿಗರೇಟೂ ಸೇರಿ. ಇದು ಮರುಕಳಿಸಿದ ಹಾಗೆಲ್ಲ ಗ್ರಂಥಿ ಕಲೆಗಟ್ಟಿ, ಕೊನೆಗೆ ಸಕ್ಕರೆ ಕಾಯಿಲೆಗೂ ತಂದು ನಿಲ್ಲಿಸುತ್ತದೆ.

ರಿಪೋರ್ಟ್ ಬಂದ ಕೂಡಲೇ ನನಗೆ ವಾಟ್ಸಪ್ ಮಾಡು. ಅಮ್ಮನಿಗೆ ನಾನು ಹೇಳುತ್ತೇನೆ.

ನಿನ್ನ ಸೋದರಮಾವ