ಲೋನ್ ಸುದ್ದಿಯಲ್ಲಿ ಷರತ್ತುಗಳನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ವರ್ಗಾವಣೆಯ ದಿನಗಳಲ್ಲಿ ‘ಯುವ ಆಟಗಾರ ಲೋನ್ ಮೇಲೆ ಬೇರೆ ಕ್ಲಬ್‌ಗೆ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಲೋನ್ ಎಂದರೆ ಆಟಗಾರನ ಒಪ್ಪಂದವನ್ನು ಮೂಲ ಕ್ಲಬ್ ತನ್ನಲ್ಲೇ ಇಟ್ಟುಕೊಂಡು ಅವನನ್ನು ಕೆಲಕಾಲ ಬೇರೆ ಕ್ಲಬ್‌ಗೆ ಆಡಲು ಕೊಡುವುದು. ಆ ಸುದ್ದಿಯಲ್ಲಿ ಎರಡು ಕ್ಲಬ್‌ಗಳ ಹೆಸರು ಮತ್ತು ಅವಧಿ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಆದರೆ ಲಾಭ ಯಾರಿಗೆ, ಅಪಾಯ ಯಾರ ಪಾಲಿಗೆ ಎಂಬುದು ತೀರ್ಮಾನವಾಗುವುದು ಷರತ್ತುಗಳಲ್ಲಿ. ಅವು ತಿಳಿಯದೆ ಸುದ್ದಿ ಅರ್ಥವಾಗುವುದಿಲ್ಲ.

ಹತ್ತೊಂಬತ್ತು ವರ್ಷದ ಹುಡುಗನಿಗೆ ದೊಡ್ಡ ಕ್ಲಬ್‌ನ ಮೊದಲ ತಂಡದಲ್ಲಿ ಜಾಗ ಸಿಗುವುದು ಅಪರೂಪ. ಕಿರಿಯರ ಪಂದ್ಯಗಳಲ್ಲಿ ಅವನು ಕಲಿಯಬೇಕಾದುದು ಮುಗಿದಿರುತ್ತದೆ. ಹಾಗಾಗಿ ಅವನನ್ನು ವಾರವಾರವೂ ಆಡಿಸುವ ಕ್ಲಬ್‌ಗೆ ಕಳುಹಿಸುತ್ತಾರೆ. ಸಂಬಳವನ್ನು ಎರಡೂ ಕ್ಲಬ್‌ಗಳು ಹಂಚಿಕೊಳ್ಳಬಹುದು, ಅಥವಾ ಪಡೆದ ಕ್ಲಬ್ಬೇ ಪೂರ್ತಿ ಕೊಡಬಹುದು. ಕಳುಹಿಸುವ ಮೊದಲು ಮೂಲ ಕ್ಲಬ್ ಅವನ ಒಪ್ಪಂದವನ್ನು ವಿಸ್ತರಿಸುವುದೂ ಉಂಟು. ಒಂದೇ ವರ್ಷ ಬಾಕಿ ಇರುವಾಗ ಕಳುಹಿಸಿದರೆ, ಬೇರೆಡೆ ಮಿಂಚಿದ ಹುಡುಗ ಒಪ್ಪಂದ ಮುಗಿಸಿಕೊಂಡು ಬಿಡಿಗಾಸೂ ತರದೆ ಹೊರಟುಹೋಗಬಹುದು. ನಿಯಮವೂ ಕಿರಿಯರ ಪರವಾಗಿದೆ. ಫಿಫಾದ ಅಂತರರಾಷ್ಟ್ರೀಯ ಲೋನ್ ನಿಯಮದಂತೆ 2024ರ ಜುಲೈನಿಂದ ಒಂದು ಕ್ಲಬ್ ಒಂದೇ ಕಾಲಕ್ಕೆ ಆರು ಮಂದಿಯನ್ನಷ್ಟೇ ಹೊರಗೆ ಕಳುಹಿಸಬಹುದು. 21 ವರ್ಷದವರೆಗಿನವರು ಮತ್ತು ಕ್ಲಬ್ ತಾನೇ ಬೆಳೆಸಿದವರು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಬೈ ಆಪ್ಷನ್, ಅಂದರೆ ಖರೀದಿಯ ಆಯ್ಕೆ. ಇದರಲ್ಲಿ ಬೆಲೆ ಮೊದಲೇ ನಿಗದಿಯಾಗಿರುತ್ತದೆ, ಕೊಳ್ಳುವುದು ಬಿಡುವುದು ಪಡೆದ ಕ್ಲಬ್‌ನ ಇಚ್ಛೆ. ಹುಡುಗ ಚೆನ್ನಾಗಿ ಆಡಿ ಮಾರುಕಟ್ಟೆಯಲ್ಲಿ ಅವನ ಬೆಲೆ ಏರಿದರೂ ಆ ಕ್ಲಬ್ ಹಳೆಯ ಬೆಲೆಗೇ ಕೊಳ್ಳುತ್ತದೆ; ಆಡದಿದ್ದರೆ ಹಿಂದಕ್ಕೆ ಕಳುಹಿಸುತ್ತದೆ. ಏರಿಕೆಯ ಲಾಭ ಒಬ್ಬರಿಗೆ, ಇಳಿಕೆಯ ನಷ್ಟ ಇನ್ನೊಬ್ಬರಿಗೆ. ಆದ್ದರಿಂದ ಭರವಸೆಯ ಹುಡುಗನಿಗೆ ಮೂಲ ಕ್ಲಬ್ ಈ ಆಯ್ಕೆಯನ್ನು ಸುಲಭವಾಗಿ ಕೊಡುವುದಿಲ್ಲ. 2018ರಲ್ಲಿ ರಿಯಲ್ ಮ್ಯಾಡ್ರಿಡ್ ಅಶ್ರಫ್ ಹಕೀಮಿಯನ್ನು ಬೊರುಸಿಯಾ ಡಾರ್ಟ್ಮಂಡ್‌ಗೆ ಎರಡು ವರ್ಷಕ್ಕೆ ಕಳುಹಿಸಿತು, ಖರೀದಿ ಆಯ್ಕೆ ಇಲ್ಲದೆ. ಹಕೀಮಿ ಅಲ್ಲಿ ಅರಳಿದ. 2020ರಲ್ಲಿ ಇಂಟರ್ ಮಿಲಾನ್ ಅವನಿಗಾಗಿ ತೆತ್ತ ಸುಮಾರು 4 ಕೋಟಿ ಯೂರೊ ಮ್ಯಾಡ್ರಿಡ್‌ಗೇ ಸೇರಿತು. ಆಡಿಸಿ ಬೆಳೆಸಿದ ಡಾರ್ಟ್ಮಂಡ್‌ಗೆ ಸಿಕ್ಕಿದ್ದು ಎರಡು ವರ್ಷದ ಆಟ ಮಾತ್ರ.

ಆಯ್ಕೆಯೇ ಬೇರೆ, ಖರೀದಿಯ ಬಾಧ್ಯತೆಯೇ ಬೇರೆ. ವರದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಬಾಧ್ಯತೆ ಸಾಮಾನ್ಯವಾಗಿ ಒಂದು ಷರತ್ತಿಗೆ ಗಂಟುಬಿದ್ದಿರುತ್ತದೆ: ಇಷ್ಟು ಪಂದ್ಯ ಆಡಿದರೆ, ತಂಡ ಕೆಳ ಲೀಗ್‌ಗೆ ಇಳಿಯದಿದ್ದರೆ ಎಂಬಂತೆ. ಎಡವಟ್ಟು ಆಗುವುದೂ ಇಲ್ಲೇ. ಬಾರ್ಸಿಲೋನಾದಿಂದ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಲೋನ್ ಮೇಲೆ ಬಂದಿದ್ದ ಗ್ರೀಝ್‌ಮನ್ ಕಿರಿಯನಲ್ಲ, ಆದರೆ ಉದಾಹರಣೆ ಸ್ಪಷ್ಟವಾಗಿದೆ. ಅರ್ಧದಷ್ಟು ಪಂದ್ಯಗಳಲ್ಲಿ ಕನಿಷ್ಠ 45 ನಿಮಿಷ ಆಡಿದರೆ ಅಟ್ಲೆಟಿಕೊ ಅವನನ್ನು 4 ಕೋಟಿ ಯೂರೊ ಕೊಟ್ಟು ಕೊಳ್ಳಲೇಬೇಕೆಂಬ ಷರತ್ತು ಇತ್ತೆಂದು ವರದಿಯಾಗಿತ್ತು. 2022ರ ಋತುವಿನ ಆರಂಭದಲ್ಲಿ ಅವನು ಪಂದ್ಯದ ನಂತರ ಪಂದ್ಯ ಸುಮಾರು 60ನೇ ನಿಮಿಷದಲ್ಲಿ ಕಣಕ್ಕಿಳಿದ. ಅಕ್ಟೋಬರ್‌ನಲ್ಲಿ ಅದರ ಅರ್ಧದಷ್ಟು ಹಣಕ್ಕೆ ವ್ಯವಹಾರ ಮುಗಿಯಿತು. ಒಳ್ಳೆಯ ಆಟಗಾರ ಕಾರಣವಿಲ್ಲದೆ ಸದಾ ತಡವಾಗಿ ಇಳಿಯುತ್ತಿದ್ದರೆ ವರದಿಗಾರರು ಅವನ ಕಾಗದಪತ್ರದ ಕಡೆಗೂ ನೋಡಬೇಕು.

ಸಣ್ಣ ಕ್ಲಬ್‌ಗಳನ್ನು ಹೆಚ್ಚು ಕಾಡುವುದು ರಿಕಾಲ್ ಷರತ್ತು. ಇದು ಅವಧಿಗೆ ಮೊದಲೇ ಆಟಗಾರನನ್ನು ವಾಪಸ್ ಕರೆಸಿಕೊಳ್ಳುವ ಮೂಲ ಕ್ಲಬ್‌ನ ಹಕ್ಕು. ಬಹುಪಾಲು ಜನವರಿಯ ವರ್ಗಾವಣೆ ಅವಧಿಯಲ್ಲಿ ಚಲಾವಣೆಯಾಗುತ್ತದೆ, ಏಕೆಂದರೆ ಆಟಗಾರನನ್ನು ಹೊಸದಾಗಿ ನೋಂದಾಯಿಸಲು ಆ ಅವಧಿ ನಡೆಯುತ್ತಿರಬೇಕು. ಚೆಲ್ಸಿ 2019ರಲ್ಲಿ ಕಾನರ್ ಗ್ಯಾಲಗರ್‌ನನ್ನು ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್‌ನ ಚಾರ್ಲ್ಟನ್‌ಗೆ ಕಳುಹಿಸಿತ್ತು. ಅವನು ಅಲ್ಲಿ ಖಾಯಂ ಆಟಗಾರನಾದ, ಗೋಲುಗಳನ್ನೂ ಹೊಡೆದ. 2020ರ ಜನವರಿಯಲ್ಲಿ ಚೆಲ್ಸಿ ಅವನನ್ನು ವಾಪಸ್ ಕರೆಸಿ ಅದೇ ಲೀಗ್‌ನ ಸ್ವಾನ್ಸಿಗೆ ಕೊಟ್ಟಿತು. ಅಲ್ಲಿನ ಕೋಚ್ ಸ್ಟೀವ್ ಕೂಪರ್ ಅವನಿಗೆ ಹಳೆಯ ಪರಿಚಿತರು. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡಕ್ಕೆ ಅವರೇ ಕೋಚ್ ಆಗಿದ್ದರು, ಗ್ಯಾಲಗರ್ ಅದರಲ್ಲಿದ್ದ. ಹುಡುಗನಿಗೆ ಒಳ್ಳೆಯದೇ ಆಯಿತು. ಚಾರ್ಲ್ಟನ್ ಮಾತ್ರ ಋತುವಿನ ನಡುವೆ ಮಿಡ್‌ಫೀಲ್ಡ್‌ನ ಆಧಾರ ಕಳೆದುಕೊಂಡು, ಋತುವಿನ ಕೊನೆಗೆ ಕೆಳ ಲೀಗ್‌ಗೆ ಇಳಿಯಿತು. ಒಬ್ಬನ ನಿರ್ಗಮನವೇ ಅದಕ್ಕೆ ಕಾರಣ ಎನ್ನಲಾಗದು, ಆದರೆ ಜನವರಿಯಲ್ಲಿ ಅಂಥ ಬದಲಿಯನ್ನು ಹುಡುಕುವುದು ಸಣ್ಣ ಕ್ಲಬ್‌ಗೆ ಬಹಳ ಕಷ್ಟ.

ಮೂಲ ಕ್ಲಬ್‌ಗೂ ಇಲ್ಲೊಂದು ತೊಡಕಿದೆ. ಫಿಫಾ ನಿಯಮದಂತೆ ಆಟಗಾರ ಒಂದು ಋತುವಿನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಾಯಿಸಿಕೊಳ್ಳಬಹುದು, ಅಧಿಕೃತ ಪಂದ್ಯ ಆಡಬಹುದಾದದ್ದು ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಆಗಸ್ಟ್‌ನಲ್ಲಿ ಹುಡುಗನನ್ನು ಕೆಲವೇ ನಿಮಿಷ ತನ್ನ ಪರ ಆಡಿಸಿ ಆಮೇಲೆ ಲೋನ್‌ಗೆ ಕಳುಹಿಸಿದರೆ, ಜನವರಿಯಲ್ಲಿ ಕರೆಸಿ ಮತ್ತೊಂದು ಕ್ಲಬ್‌ಗೆ ಕೊಡುವ ದಾರಿ ಮುಚ್ಚುತ್ತದೆ.

ಆದ್ದರಿಂದ ಲೋನ್ ಸುದ್ದಿ ಬರೆಯುವಾಗ, ತಿಳಿದಷ್ಟರ ಮಟ್ಟಿಗೆ, ಖರೀದಿ ಆಯ್ಕೆಯೋ ಬಾಧ್ಯತೆಯೋ, ಬೆಲೆ ಎಷ್ಟು, ಜನವರಿಯಲ್ಲಿ ಕರೆಸಿಕೊಳ್ಳುವ ಹಕ್ಕು ಇದೆಯೇ ಎಂಬುದನ್ನೂ ದಯವಿಟ್ಟು ಸೇರಿಸಿ.

ಇಂತಿ,
ಒಬ್ಬ ಓದುಗ