ಪ್ಲೇ ಸ್ಟೋರ್‌ಗೆ ಬರುವ ಮೊದಲೇ ಆ್ಯಪ್ ಹಾಕಿಕೊಂಡವರಿಗೆ

ಮನೆ ಖರ್ಚಿನ ಲೆಕ್ಕ ಬರೆದಿಡುವ ನನ್ನ ಪುಟ್ಟ ಆ್ಯಪ್ ಈಗ ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಸಿಗುತ್ತಿದೆ. ಅದಕ್ಕೂ ಮೊದಲು, ಪಟ್ಟಿಯಲ್ಲಿ ಇದ್ದವರಷ್ಟೇ ಆ್ಯಪ್ ಹಾಕಿಕೊಂಡು ನೋಡುವ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಜೊತೆಗಿದ್ದವರಿಗೆ ಥ್ಯಾಂಕ್ಸ್ ಹೇಳಬೇಕಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆ ಇದ್ದರೆ ಆ್ಯಪನ್ನು ನೇರವಾಗಿ ಬಿಡುಗಡೆ ಮಾಡಲು ಆಗುವುದಿಲ್ಲ. ಕನಿಷ್ಠ 12 ಟೆಸ್ಟರ್‌ಗಳು ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ಗೆ ಸೇರಿಕೊಂಡಿರಬೇಕು. ಆಮೇಲಷ್ಟೇ ಬಿಡುಗಡೆಗೆ ಅರ್ಜಿ ಹಾಕಬಹುದು. ಮೊದಲು ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಿದರು. ಒಬ್ಬಿಬ್ಬರು ಮಧ್ಯದಲ್ಲಿ ಬಿಟ್ಟುಹೋದರೂ ಲೆಕ್ಕ ಕೆಡಬಾರದು ಅಂತ ಕೆಲವರನ್ನು ಜಾಸ್ತಿಯೇ ಸೇರಿಸಿಕೊಂಡಿದ್ದೆ. ಯಾರೂ ಬಿಡಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಸೇರುವುದೂ ಸುಲಭ ಇರಲಿಲ್ಲ. ನಾನು ಪಟ್ಟಿಗೆ ಹಾಕಿದ್ದು ಒಂದು ಜಿಮೇಲ್, ಕೆಲವರ ಬ್ರೌಸರ್‌ನಲ್ಲಿ ತೆರೆದಿದ್ದು ಇನ್ನೊಂದು. ಆಗ ಲಿಂಕ್ ಒತ್ತಿದರೆ ಆ್ಯಪ್ ಲಭ್ಯವಿಲ್ಲ ಅಂತಲೇ ಬರುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಬ್ರೌಸರ್‌ನಲ್ಲಿ ಖಾತೆ ಬದಲಿಸಿ, `Become a tester` ಒತ್ತಿ, ಪ್ಲೇ ಸ್ಟೋರ್‌ನಲ್ಲೂ ಅದೇ ಖಾತೆಗೆ ಬಂದ ಮೇಲೆ ಸರಿಹೋಗುತ್ತದೆ. ಇಷ್ಟನ್ನೂ ಬೇಜಾರಿಲ್ಲದೆ ಮಾಡಿದ ಅತ್ತಿಗೆಗೆ, ಅವರ ಗೆಳತಿಯರಿಗೆ ವಿಶೇಷ ಥ್ಯಾಂಕ್ಸ್.

ಇನ್ನು ದೊಡ್ಡ ಋಣದ ವಿಷಯ. ಮೊದಲ ಬಿಲ್ಡ್ ಕೈಗೆ ಸಿಕ್ಕ ದಿನವೇ ಹಳೇ ಆಫೀಸಿನ ಗೆಳೆಯರೊಬ್ಬರು ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದರು. ಗೂಗಲ್ ಲಾಗಿನ್ ಒತ್ತುತ್ತಾರೆ, ಖಾತೆ ಆರಿಸುತ್ತಾರೆ, ಕಿಟಕಿ ಮುಚ್ಚುತ್ತದೆ, ಮತ್ತೆ ಅದೇ ಲಾಗಿನ್ ಪರದೆ. ಎರರ್ ಮೆಸೇಜ್ ಇಲ್ಲ, ಕ್ರ್ಯಾಶ್ ಕೂಡ ಇಲ್ಲ. ನನ್ನ ಫೋನಿನಲ್ಲಿ ಅದೇ ಕೋಡ್ ಚೆನ್ನಾಗಿಯೇ ನಡೆಯುತ್ತಿತ್ತು. ಬೇರೆಯವರನ್ನು ಕೇಳಿದರೆ ಎಲ್ಲರಿಗೂ ಇದೇ ಕಥೆ. ಅಲ್ಲಿಗೆ ಅವರ ಫೋನು, ನೆಟ್‌ವರ್ಕು ಯಾವುದೂ ಕಾರಣ ಅಲ್ಲ ಅಂತಾಯ್ತು. ವ್ಯತ್ಯಾಸ ಒಂದೇ: ಅವರದ್ದು ಸ್ಟೋರ್‌ನಿಂದ ಬಂದದ್ದು, ನನ್ನದು ಲ್ಯಾಪ್‌ಟಾಪ್‌ನಿಂದ ನೇರ ಹಾಕಿದ್ದು.

ನಾನೂ ಟೆಸ್ಟ್ ಲಿಂಕ್‌ನಿಂದಲೇ ಹಾಕಿಕೊಳ್ಳಲು ಹೋದೆ. ಮೊದಲು ಇದ್ದ ಆ್ಯಪನ್ನು ಅಳಿಸಬೇಕಾಯಿತು, ಯಾಕಂದರೆ ಎರಡರ ಸಹಿ ಬೇರೆ ಬೇರೆ. ಕಾರಣ ಇದ್ದದ್ದೂ ಅದರಲ್ಲೇ. ನಾವು ಅಪ್‌ಲೋಡ್ ಕೀಯಿಂದ ಸಹಿ ಹಾಕಿ ಬಂಡಲ್ ಕಳಿಸುತ್ತೇವೆ. ಪ್ಲೇ ಸ್ಟೋರ್ ತನ್ನ ಬಳಿ ಇರುವ ಆ್ಯಪ್ ಸೈನಿಂಗ್ ಕೀಯಿಂದ ಬೇರೆ ಸಹಿ ಹಾಕಿ ಜನರಿಗೆ ಕೊಡುತ್ತದೆ. ಗೂಗಲ್ ಲಾಗಿನ್ ನೋಡುವುದು ಪ್ಯಾಕೇಜ್ ಹೆಸರನ್ನು ಮತ್ತು ಆ ಸಹಿಯ SHA-1 ಗುರುತನ್ನು. ಲಾಗಿನ್ ಸೆಟ್ಟಿಂಗ್‌ನಲ್ಲಿ ಇದ್ದದ್ದು ಲ್ಯಾಪ್‌ಟಾಪ್‌ನ ಕೀಯ ಗುರುತು ಮಾತ್ರ. ಲಾಗ್ ತೆಗೆದು ನೋಡಿದರೆ, ಸೆಟ್ಟಿಂಗ್ ತಪ್ಪಿದೆ ಅಂತ ಹೇಳುವ ಈ ಸಾಲು ಕಾದು ಕೂತಿತ್ತು:

```
ApiException: 10
```

ಪ್ಲೇ ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಿಂದ SHA-1 ತೆಗೆದುಕೊಂಡು ಲಾಗಿನ್ ಸೆಟ್ಟಿಂಗ್‌ಗೆ ಸೇರಿಸಿದೆ. ಹಳೆಯದನ್ನು ತೆಗೆಯಲಿಲ್ಲ, ನನ್ನ ಟೆಸ್ಟಿಂಗ್‌ಗೆ ಅದೂ ಬೇಕಲ್ವಾ. ಹೊಸ ಬಿಲ್ಡ್ ಕಳಿಸದೆಯೇ ಎಲ್ಲರಿಗೂ ಲಾಗಿನ್ ಆಯಿತು. ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಓಡಿಸಿದ್ದರೂ ಇದು ಕಾಣುತ್ತಿರಲಿಲ್ಲ, ಸ್ಟೋರ್ ದಾಟಿ ಬಂದ ಆ್ಯಪ್‌ನಲ್ಲಿ ಮಾತ್ರ ಕಾಣುವಂಥದ್ದು. ಆ ವಿಡಿಯೋ ಬರದೇ ಇದ್ದಿದ್ದರೆ ಮೊದಲು ಸಿಗುತ್ತಿದ್ದದ್ದು ಅಪರಿಚಿತರ ಒಂದು ಸ್ಟಾರ್. ಕ್ಲೋಸ್ಡ್ ಟೆಸ್ಟ್‌ನಲ್ಲಿ ನೀವು ಸ್ಟೋರ್‌ನಲ್ಲಿ ಬರೆದ ಅಭಿಪ್ರಾಯ ನನಗೆ ಮಾತ್ರ ಕಾಣುತ್ತದೆ, ರೇಟಿಂಗ್‌ಗೆ ಸೇರುವುದಿಲ್ಲ. ಹಾಗಾಗಿ ಬೈದವರಿಗೂ ಥ್ಯಾಂಕ್ಸ್!

ಸೆಟ್ಟಿಂಗ್ಸ್ ಪರದೆಯ ಕೆಳಗೆ ಬಿಲ್ಡ್ ನಂಬರ್ ತೋರಿಸು ಅಂದದ್ದು ಅತ್ತಿಗೆ. ಸರಿಮಾಡಿದ್ದ ತೊಂದರೆಯನ್ನೇ ಯಾರಾದರೂ ಮತ್ತೆ ಹೇಳಿದರೆ, ನಂಬರ್ ಕೇಳಿದರೆ ಸಾಕು, ಅಪ್‌ಡೇಟ್ ಆಗಿಲ್ಲ ಅಂತ ತಿಳಿಯುತ್ತದೆ. ಅಪ್‌ಡೇಟ್ ಎಲ್ಲರಿಗೂ ಒಟ್ಟಿಗೆ ತಲುಪುವುದಿಲ್ಲ. ಆ ನಂಬರ್ ಅಂದರೆ `versionCode`, ಪ್ರತಿ ಬಿಲ್ಡ್‌ಗೂ ಅದು ಏರಲೇಬೇಕು, ಹಾಗಾಗಿ ಈ ಗುರುತು ತಪ್ಪುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡರೆ ‘ಉಳಿಸಿ’ ಬಟನ್ ಪರದೆಯಿಂದ ಆಚೆ ಹೋಗುತ್ತದೆ ಅಂದವರು ಮಾವ.

ಬಿಡುಗಡೆಯ ಅರ್ಜಿಯಲ್ಲಿ ಟೆಸ್ಟರ್‌ಗಳು ಏನು ಹೇಳಿದರು, ಅದರಿಂದ ಏನು ಬದಲಿಸಿದಿರಿ ಅಂತ ಕೇಳುತ್ತಾರೆ. ಸುಮ್ನೆ ಹೆಸರಿಗೆ ಸೇರಿಕೊಂಡವರಿದ್ದಿದ್ದರೆ ಅಲ್ಲಿ ಏನು ಬರೆಯುವುದು? ನನಗೆ ಬರೆಯಲು ಜಾಗವೇ ಸಾಲಲಿಲ್ಲ.

ಈಗ ಎಲ್ಲರಿಗೂ ಬಿಟ್ಟಿರುವುದು ನಿಮ್ಮ ಫೋನಿನಲ್ಲಿರುವ ಕೊನೆಯ ಬಿಲ್ಡೇ. ಅದನ್ನೇ ಟೆಸ್ಟ್ ಟ್ರ್ಯಾಕ್‌ನಿಂದ ಮುಂದಕ್ಕೆ ತಳ್ಳಿದ್ದೇನೆ. ಟೆಸ್ಟ್ ಬಿಡಬೇಕು ಅನ್ನಿಸಿದರೆ ಸೇರಿದ್ದ ಲಿಂಕ್‌ನಲ್ಲೇ ಹೊರಬರಬಹುದು, ಆ್ಯಪ್ ಅಳಿಸಬೇಕಾಗಿಲ್ಲ, ಲೆಕ್ಕವೂ ಹಾಗೇ ಇರುತ್ತದೆ. ಮುಂದಿನ ಬಿಲ್ಡ್ ಬಂದ ಮೇಲೆ ಬಿಟ್ಟರೆ ಮಾತ್ರ ಅಳಿಸಿ ಮತ್ತೆ ಹಾಕಿಕೊಳ್ಳಬೇಕಾದೀತು, ಆಗ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಇರುವವರು ಇರಿ, ತಿಂಗಳ ವರದಿಯ ಪರದೆ ಮೊದಲು ನಿಮಗೇ ಬರುತ್ತದೆ.